ಹೊಡೆದು ಹೋದ ಮೇಲೆ ಉಳಿಯುವುದು ಯಾವುದು?

ಪ್ರಶ್ನೆ: ಸರ್, 1/(1·2) + 1/(2·3) + 1/(3·4) + … = 1 ಅಂತ ನಮ್ಮ ಲೆಕ್ಚರರ್ ಎರಡೇ ಸಾಲಲ್ಲಿ ಮಾಡಿ ತೋರಿಸಿದ್ರು. ಅದು ಅರ್ಥ ಆಯ್ತು. ಅದೇ ಥರ 1/(1·3) + 1/(2·4) + 1/(3·5) + … ಮಾಡಿದೆ. ನನಗೆ 1/2 ಬಂತು, ಪುಸ್ತಕದಲ್ಲಿ 3/4 ಅಂತ ಇದೆ. ಎಲ್ಲಿ ತಪ್ಪಿದೆ? ಯಾವ ಲೆಕ್ಕದಲ್ಲಿ ಹೀಗೆ ಹೊಡೆದುಹೋಗುತ್ತೆ, ಯಾವುದರಲ್ಲಿ ಹೋಗಲ್ಲ ಅಂತ ಮೊದಲೇ ಗೊತ್ತಾಗೋದು ಹೇಗೆ? 1/n² ಗೆ ಈ ದಾರಿ ಯಾಕೆ ನಡೆಯಲ್ಲ?

ಉತ್ತರ: ಪುಸ್ತಕದ ಉತ್ತರ ಸರಿ ಇದೆ. ಅದನ್ನು ನಂಬುವುದಕ್ಕೆ ಪುಸ್ತಕವೇ ಬೇಕಾಗಿಲ್ಲ. ಮೊದಲ ಮೂರು ಪದಗಳನ್ನು ಸುಮ್ನೆ ಕೂಡಿ ನೋಡಿ. 1/3 + 1/8 + 1/15, ಅಂದರೆ 0.333 + 0.125 + 0.067. ಮೊತ್ತ 0.525. ಮೂರನೇ ಪದಕ್ಕೇ ನಿಮ್ಮ ಅರ್ಧವನ್ನು ದಾಟಿಬಿಟ್ಟಿತು. ಮುಂದಿನ ಪದಗಳೆಲ್ಲ ಕೂಡುವಂಥವೇ, ಕಳೆಯುವುದು ಯಾವುದೂ ಇಲ್ಲ. ಹಾಗಾಗಿ 1/2 ಆಗುವ ಮಾತೇ ಇಲ್ಲ. ಈ ಜಾತಿಯ ಯಾವ ಲೆಕ್ಕ ಮಾಡಿದರೂ ಉತ್ತರದ ಕೆಳಗೆ ಗೆರೆ ಎಳೆಯುವ ಮುಂಚೆ ಮೂರು ಪದ ಕೂಡಿ ನೋಡಿ. ಅರ್ಧ ನಿಮಿಷದ ಕೆಲಸ.

ನೀವು ಒಡೆದದ್ದು ಸರಿ ಇತ್ತು ಅಂತ ನನ್ನ ಊಹೆ. 1/(n(n+2)) ಅನ್ನು ½ [1/n − 1/(n+2)] ಎಂದು ಬರೆದಿದ್ದೀರಿ. ಆಮೇಲೆ ಹಿಂದಿನ ಲೆಕ್ಕದ ಹಾಗೆ "ಎಲ್ಲ ಹೊಡೆದುಹೋಗಿ ಮೊದಲನೆಯದೊಂದೇ ಉಳಿಯುತ್ತದೆ" ಎಂದು ½ × 1 ಮಾಡಿದ್ದೀರಿ. ಇಲ್ಲಿ ಉಳಿಯುವುದು ಒಂದಲ್ಲ, ಎರಡು. ಯಾಕೆ ಎರಡು ಅನ್ನುವುದು ಸ್ಪಷ್ಟವಾದರೆ ನಿಮ್ಮ ಉಳಿದ ಪ್ರಶ್ನೆಗಳೂ ಅದರಲ್ಲೇ ಬಿಡಿಸಿಕೊಳ್ಳುತ್ತವೆ.

ಮನೆಯ ಕರೆಂಟ್ ಮೀಟರ್ ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ರೀಡಿಂಗ್ ಬರೆದುಕೊಂಡಿದ್ದೀರಿ: 1000, 1080, 1170, 1240, 1330. ಪ್ರತಿ ತಿಂಗಳು ಉರಿಸಿದ ಯೂನಿಟ್ ಅಂದರೆ ಈಗಿನ ರೀಡಿಂಗಿನಲ್ಲಿ ಹಿಂದಿನದನ್ನು ಕಳೆದದ್ದು: 80, 90, 70, 90. ನಾಲ್ಕು ತಿಂಗಳ ಒಟ್ಟು ಎಷ್ಟು? ಈ ನಾಲ್ಕನ್ನು ಕೂಡುವ ಅಗತ್ಯವೇ ಇಲ್ಲ. 1330 − 1000 = 330, ಅಷ್ಟೇ. ನಡುವಿನ ಪ್ರತಿ ರೀಡಿಂಗೂ ಒಂದು ಬಿಲ್ಲಿನಲ್ಲಿ "ಈಗಿನದು" ಆಗಿ ಕೂಡಿಕೊಂಡು, ಮುಂದಿನ ಬಿಲ್ಲಿನಲ್ಲಿ "ಹಿಂದಿನದು" ಆಗಿ ಕಳೆದುಹೋಗಿರುತ್ತದೆ. ಟೆಲಿಸ್ಕೋಪಿಂಗ್ ಮೊತ್ತ ಅನ್ನುವುದು ಇದನ್ನೇ. ಹಳೇ ಟ್ರಾನ್ಸಿಸ್ಟರ್ ರೇಡಿಯೋದ ಏರಿಯಲ್ ನೋಡಿದ್ದೀರಲ್ಲ, ಒಂದು ಕೊಳವೆ ಇನ್ನೊಂದರೊಳಗೆ ಸರಿದು ಕೊನೆಗೆ ಒಂದು ತುಂಡು ಮಾತ್ರ ಕಾಣುತ್ತದೆ. ಹೆಸರು ಬಂದದ್ದು ಆ ಥರ ಒಳಸರಿಯುವ ದುರ್ಬೀನಿನಿಂದ.

ಈಗ ಲೆಕ್ಕ ಬರೆಯುವವರು ಪ್ರತಿ ಸಲವೂ ಹಿಂದಿನ ತಿಂಗಳ ಬದಲು ಎರಡು ತಿಂಗಳ ಹಿಂದಿನ ರೀಡಿಂಗನ್ನು ಕಳೆದರು ಅಂದುಕೊಳ್ಳಿ. 1170 − 1000 = 170. 1240 − 1080 = 160. 1330 − 1170 = 160. ಒಟ್ಟು 490. ಇಲ್ಲಿ ಜೋಡಿ ಸಿಕ್ಕಿ ಹೋದದ್ದು 1170 ಒಂದೇ. ಶುರುವಿನ 1000 ಮತ್ತು 1080 ಕಳೆಯುವ ಕಡೆ ಹಾಗೇ ನಿಂತಿವೆ. ಕೊನೆಯ 1240 ಮತ್ತು 1330 ಕೂಡುವ ಕಡೆ ನಿಂತಿವೆ. ನೋಡಿ: 2570 − 2080 = 490. ಅಂತರ ಒಂದು ತಿಂಗಳಾದರೆ ತುದಿಗೆ ಒಂದೊಂದು ಉಳಿಯುತ್ತದೆ. ಅಂತರ ಎರಡಾದರೆ ತುದಿಗೆ ಎರಡೆರಡು.

ನಿಮ್ಮ ಲೆಕ್ಕದಲ್ಲಿ n ಮತ್ತು n+2 ನಡುವೆ ಅಂತರ ಎರಡು. ½ ಅನ್ನು ಹೊರಗಿಟ್ಟು, ಸಾಲುಗಳನ್ನು ಒಂದರ ಕೆಳಗೊಂದು ಬರೆಯಿರಿ:

```
n = 1 :    1/1     − 1/3
n = 2 :    1/2     − 1/4
n = 3 :    1/3     − 1/5
n = 4 :    1/4     − 1/6
  ...
n = N−1 :  1/(N−1) − 1/(N+1)
n = N :    1/N     − 1/(N+2)
```

ಪೆನ್ಸಿಲ್ ಹಿಡಿದು ಮೊದಲ ಸಾಲಿನ −1/3 ಹೊಡೆಯಿರಿ. ಅದರ ಜೋಡಿ ಪಕ್ಕದ ಸಾಲಿನಲ್ಲಿಲ್ಲ, ಒಂದು ಸಾಲು ಬಿಟ್ಟು ಮೂರನೆಯದರಲ್ಲಿದೆ. ಎರಡನೇ ಸಾಲಿನ −1/4 ರ ಜೋಡಿ ನಾಲ್ಕನೆಯದರಲ್ಲಿ. ಹೀಗೆ ಹೊಡೆಯುತ್ತಾ ಹೋದರೆ ಎಡಗಡೆಯ ಕಂಬದಲ್ಲಿ 1/1 ಮತ್ತು 1/2 ಕೇಳುವವರಿಲ್ಲದೆ ಉಳಿಯುತ್ತವೆ. 1/2 ಅನ್ನು ಹೊಡೆಯಬೇಕಾದರೆ n = 0 ಸಾಲು ಬೇಕಿತ್ತು, ಅದು ನಮ್ಮಲ್ಲಿಲ್ಲ. ಬಲಗಡೆ ತಳದಲ್ಲಿ −1/(N+1) ಮತ್ತು −1/(N+2) ಉಳಿಯುತ್ತವೆ. ಹಾಗಾಗಿ N ಪದಗಳ ಮೊತ್ತ

```
S(N) = ½ [ 1 + 1/2 − 1/(N+1) − 1/(N+2) ]
```

N = 2 ಹಾಕಿ ಪರೀಕ್ಷೆ ಮಾಡೋಣ. ½ [3/2 − 1/3 − 1/4] = ½ × 11/12 = 11/24. ನೇರವಾಗಿ ಕೂಡಿದರೆ 1/3 + 1/8 = 11/24. ಸರಿ ಹೋಯಿತು. N ದೊಡ್ಡದಾಗುತ್ತಾ ಹೋದರೆ ಕೊನೆಯ ಎರಡು ಸೊನ್ನೆಯ ಕಡೆ ಜಾರುತ್ತವೆ. ಉಳಿಯುವುದು ½ × 3/2 = 3/4.

ಆ ಕೊನೆಯ ಎರಡು ಪದಗಳ ಬಗ್ಗೆ ಸ್ವಲ್ಪ ನಿಲ್ಲಬೇಕು. ಉತ್ತರ ಪತ್ರಿಕೆ ತಿದ್ದುವಾಗ ನಾನು ಜಾಸ್ತಿ ನೋಡುವ ತಪ್ಪು ಇದೇ. ಮೂರು ಸಾಲು ಬರೆದು, ಮುಂದೆ ಚುಕ್ಕಿ ಇಟ್ಟು, "ಉಳಿದದ್ದೆಲ್ಲ ಕ್ಯಾನ್ಸಲ್" ಎಂದು ಬರೆದುಬಿಡುತ್ತಾರೆ. ಚುಕ್ಕಿಯ ಆಚೆ ಏನಿದೆ ಅಂತ ನೋಡುವುದೇ ಇಲ್ಲ. 1/(n(n+1)) ರಲ್ಲಿ ಅದು ಹೇಗೋ ನಡೆದುಹೋಗುತ್ತದೆ. ಆದರೆ ಅದೇ ಪದವನ್ನು ಇನ್ನೊಂದು ರೀತಿಯಲ್ಲೂ ವ್ಯತ್ಯಾಸವಾಗಿ ಬರೆಯಬಹುದು:

```
1/(n(n+1)) = n/(n+1) − (n−1)/n
```

ಬಲಗಡೆ ಛೇದ ಸಮ ಮಾಡಿ ನೋಡಿ, n² − (n² − 1) = 1, ಸರಿಯಾಗೇ ಇದೆ. ಈಗ ಸಾಲುಗಳನ್ನು ಬರೆದರೆ: 1/2 − 0, ಆಮೇಲೆ 2/3 − 1/2, ಆಮೇಲೆ 3/4 − 2/3. ಇಲ್ಲಿ "ಶುರುವಿನದು ಮಾತ್ರ ಉಳಿಯುತ್ತದೆ" ಅಂದರೆ ಮೊತ್ತ ಸೊನ್ನೆ ಆಗಿಬಿಡುತ್ತದೆ! ನಿಜವಾಗಿ ಉಳಿಯುವುದು ಕೊನೆಯ ತುದಿ, N/(N+1). ಅದು 1ರ ಕಡೆ ಹೋಗುತ್ತದೆ. ಮೊತ್ತ ಅದೇ 1, ಆದರೆ ಈ ಸಲ ಅದು ಬಂದದ್ದು ಬಾಲದಿಂದ. ಅದಕ್ಕೇ ಹೇಳುವುದು, ಮೊದಲು N ವರೆಗೆ ಕೂಡಿ, ಎರಡೂ ತುದಿಯನ್ನು ಬರೆದುಕೊಂಡು, ಆಮೇಲೆ N ಅನ್ನು ಬೆಳೆಯಲು ಬಿಡಿ. ಅನಂತ ಸರಣಿಯನ್ನೇ ನೇರವಾಗಿ ಎರಡು ತುಂಡು ಮಾಡಿ, 1 + 1/2 + 1/3 + … ಒಂದು ಕಡೆ, 1/2 + 1/3 + … ಇನ್ನೊಂದು ಕಡೆ ಇಟ್ಟು ಕಳೆಯಲು ಹೋಗಬೇಡಿ. ಅವೆರಡೂ ಮಿತಿಯಿಲ್ಲದೆ ಬೆಳೆಯುವ ಮೊತ್ತಗಳು. ಅವುಗಳ ವ್ಯತ್ಯಾಸ ಅನ್ನುವುದಕ್ಕೆ ಅರ್ಥವೇ ಇಲ್ಲ.

ಈ ಬಾಲವನ್ನು ಬಿಡದೆ ಬರೆದವರೊಬ್ಬರು ನಮ್ಮ ನಾಡಿನಲ್ಲೇ ಇದ್ದರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ಒಂದು ಸೂತ್ರವಿದೆ. ಅಂಶದಲ್ಲಿ 1 ಇರುವ ಭಿನ್ನರಾಶಿಗಳನ್ನೇ, ಅದೂ ಬೆಸ ಸಂಖ್ಯೆಯಷ್ಟು, ಕೂಡಿ 1 ಮಾಡುವುದು ಹೇಗೆ ಅನ್ನುವುದು ಅಲ್ಲಿನ ಪ್ರಶ್ನೆ. 2ರಿಂದ ಶುರು ಮಾಡಿ ಪ್ರತಿ ಸಂಖ್ಯೆಯನ್ನೂ ಅದರ ಮುಂದಿನದರಿಂದ ಗುಣಿಸಿ ಅರ್ಧ ಮಾಡಿ, ಅವು ಛೇದಗಳು. ಕೊನೆಯ ಸಂಖ್ಯೆಗೆ ಮುಂದೆ ಯಾವುದೂ ಇಲ್ಲ, ಅದನ್ನು ಸುಮ್ನೆ ಅರ್ಧ ಮಾಡಿ. ಐದು ಭಿನ್ನರಾಶಿ ಬೇಕಾದರೆ 2, 3, 4, 5, 6 ತೆಗೆದುಕೊಳ್ಳಿ. 2·3/2 = 3, 3·4/2 = 6, 4·5/2 = 10, 5·6/2 = 15, ಕೊನೆಗೆ 6/2 = 3.

```
1/3 + 1/6 + 1/10 + 1/15 + 1/3 = 1
```

30ರ ಛೇದಕ್ಕೆ ತಂದರೆ 10 + 5 + 3 + 2 + 10 = 30. ಸೊಗಸಾಗಿದೆ ಅಲ್ವಾ? ಇದು ಯಾಕೆ ನಡೆಯುತ್ತದೆ ಅನ್ನುವುದು ನಿಮಗೀಗ ಕಾಣಬೇಕು. 2/(n(n+1)) ಅಂದರೆ 2/n − 2/(n+1). n = 2ರಿಂದ 5ರವರೆಗೆ ಕೂಡಿದರೆ ಉಳಿಯುವುದು 2/2 − 2/6. ಕೊನೆಯಲ್ಲಿ ಕೂಡಿಸಿದ 1/3 ಅನ್ನುವುದು ಆ 2/6 ಅನ್ನೇ ತುಂಬುತ್ತದೆ. ಅಂದರೆ ಕೊನೆಯ ಭಿನ್ನರಾಶಿ ನಮ್ಮ ಬಾಲವೇ.

ಯೂರೋಪಿನಲ್ಲೂ ಇದೇ ಸಂಖ್ಯೆಗಳು ಬರುತ್ತವೆ. ಬೊಲೋನ್ಯಾದ ಪಿಯೆತ್ರೊ ಮೆಂಗೋಲಿ 1650ರ ಪುಸ್ತಕದಲ್ಲಿ ಇಂಥ ಮೊತ್ತಗಳನ್ನು ಕಂಡುಹಿಡಿದ. 1672ರಲ್ಲಿ ಪ್ಯಾರಿಸ್‌ನಲ್ಲಿ ಹೈಗನ್ಸ್, ಆಗಿನ್ನೂ ಗಣಿತಕ್ಕೆ ಹೊಸಬನಾಗಿದ್ದ ಲೈಬ್ನಿಟ್ಸ್‌ಗೆ 1 + 1/3 + 1/6 + 1/10 + … ಎಷ್ಟು ಎಂದು ಕೇಳಿದ. ಲೈಬ್ನಿಟ್ಸ್ ಪದಗಳನ್ನು ವ್ಯತ್ಯಾಸಗಳಾಗಿ ಒಡೆದು 2 ಎಂದು ಉತ್ತರ ಕೊಟ್ಟ.

ಇನ್ನು ಎಲ್ಲಿ ನಡೆಯುತ್ತದೆ, ಎಲ್ಲಿ ಇಲ್ಲ ಅನ್ನುವ ಮಾತು. ಅದಕ್ಕೆ ಮೊದಲು ಒಡೆಯುವ ಕೆಲಸ ಕೈಗೆ ಸಲೀಸಾಗಿರಬೇಕು. ಆಂಶಿಕ ಭಿನ್ನರಾಶಿಗೆ ಸಮೀಕರಣ ಬಿಡಿಸುತ್ತಾ ಕೂರುವುದು ಬೇಡ, ಬೆರಳು ಮುಚ್ಚುವ ಉಪಾಯ ಸಾಕು. 1/(n(n+1)(n+2)) ತೆಗೆದುಕೊಳ್ಳಿ. 1/n ರ ಗುಣಕ ಬೇಕಾ? ಛೇದದ n ಮೇಲೆ ಬೆರಳಿಟ್ಟು ಮುಚ್ಚಿ, ಉಳಿದದ್ದರಲ್ಲಿ n = 0 ಹಾಕಿ: 1/(1·2) = ½. ಈಗ n+1 ಮುಚ್ಚಿ, n = −1 ಹಾಕಿ: 1/((−1)(1)) = −1. n+2 ಮುಚ್ಚಿ, n = −2 ಹಾಕಿ: 1/((−2)(−1)) = ½. ಆಯಿತು:

```
1/(n(n+1)(n+2)) = ½·1/n − 1/(n+1) + ½·1/(n+2)
```

n = 1 ಹಾಕಿ ಪರೀಕ್ಷಿಸಿ: ½ − ½ + 1/6 = 1/6. ಸರಿ. ಛೇದದ ಅಪವರ್ತನಗಳೆಲ್ಲ ಬೇರೆ ಬೇರೆಯಾಗಿದ್ದಾಗ ಮಾತ್ರ ಈ ಉಪಾಯ ಪೂರ್ತಿ ಕೆಲಸ ಮಾಡುತ್ತದೆ, ಅದು ನೆನಪಿರಲಿ.

ಇಲ್ಲಿ ಜೋಡಿ ಜೋಡಿಯಾಗಿ ಹೊಡೆಯಲು ಹೋದರೆ ತಲೆ ಕೆಡುತ್ತದೆ, ಯಾಕೆಂದರೆ ಮೂರು ಕಂಬಗಳಿವೆ. ಬದಲಿಗೆ ಒಂದು ಭಿನ್ನರಾಶಿಯನ್ನು ಹಿಡಿದುಕೊಂಡು, ಅದು ಎಲ್ಲೆಲ್ಲಿ ಬರುತ್ತದೆ ಅಂತ ಲೆಕ್ಕ ಹಾಕಿ. 1/3 ತೆಗೆದುಕೊಳ್ಳಿ. n = 3 ಸಾಲಿನಲ್ಲಿ ½, n = 2 ಸಾಲಿನಲ್ಲಿ −1, n = 1 ಸಾಲಿನಲ್ಲಿ ½. ಕೂಡಿದರೆ ಸೊನ್ನೆ, 1/3 ಹೋಯಿತು. 1/4ಕ್ಕೂ ಹಾಗೇ, 1/5ಕ್ಕೂ ಹಾಗೇ. ಆದರೆ 1/1 ಬರುವುದು n = 1 ಸಾಲಿನಲ್ಲಿ ಮಾತ್ರ, ½ ಆಗಿ. 1/2 ಎರಡು ಸಾಲಿನಲ್ಲಿ ಬರುತ್ತದೆ, ½ ಮತ್ತು −1 ಆಗಿ, ಒಟ್ಟು −½. ಹಾಗಾಗಿ ಶುರುವಿನಲ್ಲಿ ಉಳಿಯುವುದು ½·1 − ½·1/2 = 1/4. ಬಾಲ ಸೊನ್ನೆಗೆ ಹೋಗುತ್ತದೆ. ಮೊತ್ತ 1/4.

ಹೀಗೆ ಎಣಿಸುವ ಅಭ್ಯಾಸವಾದರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ತಾನಾಗೇ ಕಾಣುತ್ತದೆ. 1/3 ಹೋದದ್ದು ಯಾಕೆ? ½, −1, ½ ಈ ಮೂರು ಗುಣಕಗಳ ಮೊತ್ತ ಸೊನ್ನೆಯಾದ್ದರಿಂದ. ಜೊತೆಗೆ ಮೂರೂ ಕಂಬಗಳು ಅದೇ 1/3 ಅನ್ನು ಮುಟ್ಟಿದ್ದರಿಂದ. ಎರಡೂ ಬೇಕು.

ಗುಣಕಗಳ ಮೊತ್ತ ಸೊನ್ನೆ ಆಗದಿದ್ದರೆ ಏನಾಗುತ್ತದೆ? n/((n+1)(n+2)) ಒಡೆದರೆ −1/(n+1) + 2/(n+2). ಗುಣಕಗಳ ಮೊತ್ತ 1. ನಡುವಿನ ಪ್ರತಿ ಭಿನ್ನರಾಶಿಯೂ ಒಂದೊಂದು ಸಲ ಉಳಿದುಬಿಡುತ್ತದೆ. 1/3 + 1/4 + 1/5 + … ಹಾಗೇ ಬಿದ್ದಿರುತ್ತದೆ, ಮೊತ್ತ ಮಿತಿಯಿಲ್ಲದೆ ಬೆಳೆಯುತ್ತದೆ. ಛೇದದ ಘಾತ ಅಂಶಕ್ಕಿಂತ ಕನಿಷ್ಠ ಎರಡು ಹೆಚ್ಚಿದ್ದರೆ ಈ ತೊಂದರೆ ಬರುವುದಿಲ್ಲ.

ಇನ್ನೊಂದು ಷರತ್ತು ಕಣ್ಣಿಗೆ ಬೇಗ ಬೀಳುವುದಿಲ್ಲ. 1/(n(2n+1)) ನೋಡಿ. ಒಡೆದರೆ 1/n − 2/(2n+1). ಎರಡನೆಯದನ್ನು 1/(n+½) ಎಂದು ಬರೆಯಿರಿ. ಗುಣಕಗಳು 1 ಮತ್ತು −1, ಮೊತ್ತ ಸೊನ್ನೆ, ಎಲ್ಲ ಸರಿಯಾಗೇ ಕಾಣುತ್ತದೆ. ಆದರೆ ಎಡ ಕಂಬದಲ್ಲಿ 1/1, 1/2, 1/3 ಇವೆ, ಬಲ ಕಂಬದಲ್ಲಿ 1/1.5, 1/2.5, 1/3.5. ಒಂದು ಇನ್ನೊಂದನ್ನು ಎಂದೂ ಮುಟ್ಟುವುದಿಲ್ಲ. ಒಂದು ಮನೆಯ ಈಗಿನ ರೀಡಿಂಗಿನಲ್ಲಿ ಪಕ್ಕದ ಮನೆಯ ಹಿಂದಿನ ರೀಡಿಂಗನ್ನು ಕಳೆದ ಹಾಗೆ. ಈ ಸರಣಿಗೂ ಮೊತ್ತವೇನೋ ಇದೆ, 2 − 2 ln 2, ಸುಮಾರು 0.614. ಆದರೆ ಅದು ಹೊಡೆದು ಹಾಕಿ ಸಿಗುವ ಉತ್ತರವಲ್ಲ, ಅದಕ್ಕೆ ಲಾಗರಿದಮ್ ಬೇಕಾಯಿತು. ಅದೇ 1/((2n−1)(2n+1)) ಆದರೆ ನಡೆಯುತ್ತದೆ. ಅಪವರ್ತನಗಳು ಸೊನ್ನೆಯಾಗುವುದು n = ½ ಮತ್ತು n = −½ ರಲ್ಲಿ, ಅಂತರ ಪೂರ್ತಿ 1. ಮೊತ್ತ ½. ಹಾಗಾಗಿ ಛೇದದ ಅಪವರ್ತನಗಳು ಯಾವ ಯಾವ n ಗೆ ಸೊನ್ನೆಯಾಗುತ್ತವೆ ಅಂತ ಮೊದಲು ಬರೆದುಕೊಳ್ಳಿ. ಅವೆಲ್ಲ ಬೇರೆ ಬೇರೆ ಇದ್ದು, ಅವುಗಳ ನಡುವಿನ ಅಂತರ ಪೂರ್ಣಾಂಕವಾಗಿದ್ದು, ಮೇಲಿನ ಘಾತದ ಷರತ್ತೂ ಸರಿ ಇದ್ದರೆ ಧೈರ್ಯವಾಗಿ ಸಾಲು ಬರೆಯಲು ಶುರು ಮಾಡಬಹುದು.

1/n² ಇಲ್ಲೇ ಸಿಕ್ಕಿಬೀಳುತ್ತದೆ. ಅದರ ಛೇದದಲ್ಲಿ ಇರುವುದು ಒಂದೇ ಅಪವರ್ತನ, ಎರಡು ಸಲ. ಒಡೆಯಲು ಏನೂ ಇಲ್ಲ, 1/n² ಅನ್ನುವುದು ಈಗಾಗಲೇ ಒಡೆದು ಮುಗಿದ ರೂಪ. ಕಳೆಯುವ ಕಂಬವೇ ಇಲ್ಲ, ಇನ್ನು ಹೊಡೆದುಹೋಗುವುದೆಲ್ಲಿ? ಮೆಂಗೋಲಿಯೂ ಇಲ್ಲೇ ನಿಂತ. ಆತ ತನ್ನ ಪುಸ್ತಕದಲ್ಲಿ ಈ ಪ್ರಶ್ನೆಯನ್ನು ಬಿಡಿಸದೆ ಬಿಟ್ಟ. π²/6 ಎಂಬ ಉತ್ತರ ಆಯ್ಲರ್‌ನಿಂದ ಬಂದದ್ದು 1734ರಲ್ಲಿ, ಅದೂ ಪೂರಾ ಬೇರೆ ದಾರಿಯಲ್ಲಿ.

ಹಾಗಂತ ನಮ್ಮ ಉಪಾಯ ಇಲ್ಲಿ ದಂಡ ಅಲ್ಲ. ನಿಖರ ಮೊತ್ತ ಸಿಗದಿದ್ದರೂ ಬಾಲವನ್ನು ಅಳೆಯಬಹುದು. 1/n² ಅನ್ನುವುದು 1/(n(n+1)) ಗಿಂತ ದೊಡ್ಡದು, 1/((n−1)n) ಗಿಂತ ಚಿಕ್ಕದು. ಮೊದಲ ಹತ್ತು ಪದ ಕೈಯಲ್ಲಿ ಕೂಡಿದಿರಿ, 1.549768 ಬಂತು. ಹನ್ನೊಂದನೆಯದರಿಂದ ಮುಂದಿನ ಬಾಲ ಎಷ್ಟು? ಚಿಕ್ಕದನ್ನು ಕೂಡಿದರೆ 1/11, ದೊಡ್ಡದನ್ನು ಕೂಡಿದರೆ 1/10. ಹಾಗಾಗಿ ಪೂರ್ತಿ ಮೊತ್ತ 1.6406ಕ್ಕಿಂತ ಹೆಚ್ಚು, 1.6498ಕ್ಕಿಂತ ಕಡಿಮೆ.

ಇನ್ನೂ ಹತ್ತಿರ ಹೋಗಬೇಕಾ? n² ಬದಲು n² − ¼ ಇಡಿ. ಅದು (n − ½)(n + ½) ಆಗುತ್ತದೆ, ಅಂತರ ಸರಿಯಾಗಿ 1. ಒಡೆದರೆ 1/(n − ½) − 1/(n + ½). ಹನ್ನೊಂದರಿಂದ ಮುಂದಕ್ಕೆ ಕೂಡಿದರೆ ಉಳಿಯುವುದು 1/10.5 ಒಂದೇ, ಅಂದರೆ 0.095238. ಅದನ್ನು 1.549768ಕ್ಕೆ ಸೇರಿಸಿ. 1.645006. ಆಯ್ಲರ್‌ನ π²/6 ಬೆಲೆ 1.644934. ಛೇದವನ್ನು ಸ್ವಲ್ಪ ಚಿಕ್ಕದು ಮಾಡಿದ್ದರಿಂದ ನಮ್ಮದು ಕೂದಲೆಳೆಯಷ್ಟು ಜಾಸ್ತಿ ಬಂದಿದೆ, ನಾಲ್ಕನೇ ದಶಾಂಶದಲ್ಲಿ ಒಂದು ಸಂಖ್ಯೆಯಷ್ಟೂ ಇಲ್ಲ. ಬಾಲವಿಲ್ಲದೆ ಬರೀ ಪದಗಳನ್ನೇ ಕೂಡುತ್ತಾ ಇಷ್ಟು ಹತ್ತಿರ ಬರಬೇಕಾದರೆ ಹತ್ತು ಸಾವಿರಕ್ಕೂ ಹೆಚ್ಚು ಪದಗಳನ್ನು ಕೂಡಬೇಕಾಗುತ್ತಿತ್ತು.